ಕನಿಷ್ಠ ಮೊತ್ತದ ನೋಟೀಸು: ಹೆದರಿಸದೆ ಹೇಳುವುದು, ಮುಚ್ಚಿಡದೆ ಹೇಳುವುದು

ಆಳಂದ ತಾಲ್ಲೂಕಿನ ಹಿರೋಳ್ಳಿ ದಾಟಿದರೆ ಮಹಾರಾಷ್ಟ್ರ. ಆ ಗಡಿ ಭಾಗದ ಜನ ಹೋಗಿಬರುವ ಒಂದು ಬ್ಯಾಂಕ್ ಶಾಖೆಯ ಗೋಡೆಯ ಮೇಲೆ ಒಂದೇ ವಿಷಯಕ್ಕೆ ಸಂಬಂಧಿಸಿದ ಎರಡು ನೋಟೀಸುಗಳನ್ನು ಒಂದಾದ ಮೇಲೊಂದರಂತೆ ಓದಿದ್ದೇನೆ. ಉಳಿತಾಯ ಖಾತೆಯಲ್ಲಿ ಇಂತಿಷ್ಟು ಹಣ ಇರಬೇಕು, ಇಲ್ಲದಿದ್ದರೆ ಶುಲ್ಕ ಬೀಳುತ್ತದೆ ಎಂಬುದೇ ಎರಡರ ವಿಷಯ. ಮೊದಲನೆಯದನ್ನು ಓದಿ ಜನ ಗಾಬರಿಯಾದರೆಂದು ಅದನ್ನು ತೆಗೆದು ಎರಡನೆಯದನ್ನು ಅಂಟಿಸಿದರು. ಎರಡನೆಯದನ್ನು ನೋಡಿ ಯಾರೂ ಗಾಬರಿಯಾಗಲಿಲ್ಲ. ಆದರೆ ಅದರಿಂದ ಯಾರಿಗೂ ಏನೂ ತಿಳಿಯಲೂ ಇಲ್ಲ. ಈ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ಸರಳ ಭಾಷೆಯ ಹೆಸರಿನಲ್ಲಿ ನಮ್ಮ ಬ್ಯಾಂಕುಗಳು ಎಲ್ಲಿ ಎಡವುತ್ತಿವೆ ಎಂಬುದು ಸ್ಪಷ್ಟವಾಗುತ್ತದೆ.

ಮೊದಲ ನೋಟೀಸಿನ ಧಾಟಿ ಹೀಗಿತ್ತು: “ಉಳಿತಾಯ ಖಾತೆಯಲ್ಲಿ ಕನಿಷ್ಠ ಬಾಕಿ ನಿರ್ವಹಿಸಲು ವಿಫಲರಾದಲ್ಲಿ ನಿಯಮಾನುಸಾರ ದಂಡ ಶುಲ್ಕ ಹಾಗೂ ಅನ್ವಯಿಸುವ ತೆರಿಗೆಗಳನ್ನು ವಿಧಿಸಿ ವಸೂಲು ಮಾಡಲಾಗುವುದು. ಎಲ್ಲಾ ಗ್ರಾಹಕರು ತಪ್ಪದೆ ಪಾಲಿಸತಕ್ಕದ್ದು.”

ಈ ಭಾಗದ ರೈತನ ಕಿವಿಗೆ ಇದು ಸಾಲದ ನೋಟೀಸಿನ ಹಾಗೆ ಕೇಳುತ್ತದೆ. ಬಾಕಿ ಎಂದರೆ ಇಲ್ಲಿ ಕೊಡಬೇಕಾಗಿ ಉಳಿದ ಹಣ. ಅದರ ಬೆನ್ನಿಗೇ ದಂಡ ಬಂತು, ವಸೂಲು ಬಂತು. ಬೆಳೆಸಾಲ ಮಾಡಿ ಒಮ್ಮೆಯಾದರೂ ಇಂಥ ಮಾತು ಕೇಳಿಸಿಕೊಂಡವರಿಗೆ ಇಷ್ಟು ಸಾಕು. “ಸಾಲಾನೇ ತಗೊಂಡಿಲ್ರೀ ಸಾಹೇಬ್ರ, ಬಾಕಿ ಹ್ಯಾಂಗ ಬಂತು?” ಎಂದು ಮುತ್ಯಾ ಒಬ್ಬ ಕೌಂಟರಿನಲ್ಲಿ ಕೇಳಿದ್ದು ದಡ್ಡ ಪ್ರಶ್ನೆಯಲ್ಲ. ನೋಟೀಸನ್ನು ಅದರಲ್ಲಿದ್ದ ಹಾಗೇ ಓದಿ ಕೇಳಿದ ಪ್ರಶ್ನೆ ಅದು. ಖಾತೆಯಲ್ಲಿರುವ ಹಣಕ್ಕೆ ಜನ “ಬ್ಯಾಲೆನ್ಸ್” ಎನ್ನುತ್ತಾರೆ, ಇಲ್ಲವೇ “ಖಾತೇದಾಗ ಎಷ್ಟೈತಿ” ಎಂದು ಕೇಳುತ್ತಾರೆ. ಈ ಎರಡರಲ್ಲಿ ಯಾವುದನ್ನು ಬರೆದಿದ್ದರೂ ಅರ್ಧ ಗಾಬರಿ ಇಳಿಯುತ್ತಿತ್ತು.

ಇನ್ನರ್ಧ ಗಾಬರಿಗೆ “ಎಲ್ಲಾ ಗ್ರಾಹಕರು” ಎಂಬ ಎರಡು ಪದಗಳೇ ಕಾರಣ. ಶುಲ್ಕ ಎಲ್ಲರಿಗೂ ಬೀಳುವುದಿಲ್ಲ. 2014ರ ಆಗಸ್ಟ್‌ನಲ್ಲಿ ಶುರುವಾದ ಜನಧನ ಯೋಜನೆಯ ಖಾತೆಗಳಿಗೆ ಕನಿಷ್ಠ ಮೊತ್ತದ ಷರತ್ತೇ ಇಲ್ಲ. ಅದಕ್ಕೂ ಮೊದಲು, 2012ರಲ್ಲೇ, ರಿಸರ್ವ್ ಬ್ಯಾಂಕು ‘ಮೂಲ ಉಳಿತಾಯ ಠೇವಣಿ ಖಾತೆ’ ಎಂಬ ಬಗೆಯನ್ನು ಎಲ್ಲ ಬ್ಯಾಂಕುಗಳಿಗೂ ಕಡ್ಡಾಯ ಮಾಡಿತ್ತು. ಅದರಲ್ಲಿ ಒಂದು ರೂಪಾಯಿ ಇಲ್ಲದಿದ್ದರೂ ಏನೂ ಕಡಿತವಾಗುವುದಿಲ್ಲ. ಹಳ್ಳಿಯ ಶಾಖೆಯೊಳಗೆ ಬರುವವರಲ್ಲಿ ಅನೇಕರ ಖಾತೆ ಈ ಬಗೆಯವೇ. ಶುಲ್ಕ ತಾಗದವರೂ ಗೋಡೆಯ ನೋಟೀಸು ಓದುತ್ತಾರೆ, ಮನೆಗೆ ಹೋಗಿ ಹೇಳುತ್ತಾರೆ. ಮರುದಿನ ಗೃಹಲಕ್ಷ್ಮಿ ಹಣ ಬರುವ ಹೆಣ್ಣುಮಕ್ಕಳು ಬಂದು, ಹಣ ಕಡಿದುಕೊಳ್ಳುವ ಮೊದಲೇ ಎಲ್ಲಾ ತೆಗೆದುಕೊಡಿ ಎಂದು ಸಾಲು ನಿಲ್ಲುತ್ತಾರೆ. ಖಾತೆಯಲ್ಲಿ ಹಣ ಇರಲಿ ಎಂದು ಹಾಕಿದ ನೋಟೀಸು ಹಣ ಹೊರಗೆಳೆಯುವಂತೆ ಮಾಡಿದರೆ, ಅದು ತನ್ನ ಕೆಲಸದಲ್ಲೇ ಸೋತಿದೆ ಎನ್ನಬೇಕು.

ಎರಡನೆಯ ನೋಟೀಸು ಬಣ್ಣದ ಕಾಗದದ ಮೇಲಿತ್ತು: “ಪ್ರಿಯ ಗ್ರಾಹಕರೇ, ನಿಮ್ಮ ಉಳಿತಾಯವೇ ನಿಮ್ಮ ಶಕ್ತಿ. ನಮ್ಮ ಸೇವೆಗಳ ಪೂರ್ಣ ಲಾಭ ಪಡೆಯಲು ಖಾತೆಯಲ್ಲಿ ಸಾಕಷ್ಟು ಮೊತ್ತ ಇರಿಸಿಕೊಳ್ಳಿ, ಅನಗತ್ಯ ಶುಲ್ಕ ತಪ್ಪಿಸಿ. ಹೆಚ್ಚಿನ ಮಾಹಿತಿಗೆ ಶಾಖೆಯನ್ನು ಸಂಪರ್ಕಿಸಿ.”

ಬಾಕಿ, ದಂಡ, ವಸೂಲು ಎಲ್ಲಾ ಹೋದವು, ಒಳ್ಳೆಯದೇ. ಆದರೆ ಅವುಗಳ ಜೊತೆಗೆ ವಿಷಯವೂ ಹೋಯಿತು. ಸಾಕಷ್ಟು ಎಂದರೆ ಎಷ್ಟು? ಐನೂರೋ, ಸಾವಿರವೋ, ಎರಡೂವರೆ ಸಾವಿರವೋ? ಶುಲ್ಕ ಎಷ್ಟು, ಯಾವತ್ತು ಕಡಿತವಾಗುತ್ತದೆ, ಯಾರ ಖಾತೆಯಿಂದ? ಯಾವುದಕ್ಕೂ ಉತ್ತರವಿಲ್ಲ. ಮೊದಲ ನೋಟೀಸು ಹೆದರಿಸಿತಾದರೂ ದುಡ್ಡು ಹೋಗುತ್ತದೆ ಎಂಬ ಸತ್ಯವನ್ನಾದರೂ ಹೇಳಿತ್ತು. ಎರಡನೆಯದನ್ನು ಓದಿದವರು ಅದನ್ನು ಜಾಹೀರಾತು ಎಂದುಕೊಂಡು ಮುಂದೆ ನಡೆದರು. ಅವರ ಪಾಸ್‌ಬುಕ್ಕಿನಲ್ಲಿ ಎರಡು ತಿಂಗಳಾದ ಮೇಲೆ ಮೂವತ್ತಮೂರು ರೂಪಾಯಿಯ ಕಡಿತ ಕಂಡರೆ, ನಾವು ಹೇಳಿದ್ದೆವಲ್ಲ ಎನ್ನಲು ಬ್ಯಾಂಕಿಗೆ ಯಾವ ಮುಖ? ನನ್ನ ದೃಷ್ಟಿಯಲ್ಲಿ ಎರಡನೆಯದೇ ಹೆಚ್ಚು ಕೆಟ್ಟದ್ದು. ದನಿ ಮೃದುವಾದರೆ ಸಾಕು ಎಂದು ಬರೆದವರು ನಂಬಿದ್ದಾರೆ. ಆದರೆ ಜನ ಹೆದರುವುದು ದನಿಗಿಂತ ಹೆಚ್ಚಾಗಿ ಗೊತ್ತಿಲ್ಲದ್ದಕ್ಕೆ. “ಮೂವತ್ತಮೂರು ರೂಪಾಯಿ, ಆಗಸ್ಟ್ 5ರ ನಂತರ” ಎಂದು ಕಂಡರೆ ಯಾರೂ ನಿದ್ದೆ ಕೆಡಿಸಿಕೊಳ್ಳುವುದಿಲ್ಲ. “ನಿಯಮಾನುಸಾರ ಶುಲ್ಕ” ಎಂದಾಗ ಅದು ಮುನ್ನೂರೋ ಮೂರು ಸಾವಿರವೋ ಎಂದು ನಿದ್ದೆ ಕೆಡುತ್ತದೆ.

ಇದನ್ನು ತೂಗಿ ನೋಡಲು ನಾನು ಹೊಸ ಅಳತೆಗೋಲು ಹುಡುಕಬೇಕಿಲ್ಲ. ರಿಸರ್ವ್ ಬ್ಯಾಂಕು 2014ರ ನವೆಂಬರ್ 20ರಂದು ಹೊರಡಿಸಿದ, 2015ರ ಏಪ್ರಿಲ್ 1ರಿಂದ ಜಾರಿಗೆ ಬಂದ ಸುತ್ತೋಲೆಯಲ್ಲಿ ನೋಟೀಸಿನ ಒಳಗೆ ಇರಬೇಕಾದದ್ದು ಹೆಚ್ಚುಕಡಿಮೆ ಎಲ್ಲಾ ಇದೆ. ಖಾತೆಯಲ್ಲಿ ಒಪ್ಪಿದ ಮೊತ್ತ ಕಡಿಮೆಯಾದರೆ ಬ್ಯಾಂಕು ಮೊದಲು ಗ್ರಾಹಕರಿಗೆ ಎಸ್ಸೆಮ್ಮೆಸ್, ಇಮೇಲ್ ಅಥವಾ ಪತ್ರದ ಮೂಲಕ ತಿಳಿಸಬೇಕು. ಆಮೇಲೆ ಒಂದು ತಿಂಗಳಿಗೆ ಕಡಿಮೆಯಿಲ್ಲದಷ್ಟು ಸಮಯ ಕೊಡಬೇಕು. ಅಷ್ಟರಲ್ಲೂ ಸರಿಯಾಗದಿದ್ದರೆ ಮಾತ್ರ ಶುಲ್ಕ. ಆ ಶುಲ್ಕವೂ ಎಷ್ಟು ಕಡಿಮೆ ಬಿದ್ದಿದೆಯೋ ಅದರ ಪ್ರಮಾಣದಲ್ಲಿ ಇರಬೇಕು. ನೂರು ರೂಪಾಯಿ ಕಡಿಮೆ ಬಿದ್ದವರಿಗೂ ಒಂಬೈನೂರು ಕಡಿಮೆ ಬಿದ್ದವರಿಗೂ ಒಂದೇ ಹೊಡೆತ ಹಾಕುವಂತಿಲ್ಲ. ಮತ್ತು ಈ ಶುಲ್ಕವೊಂದರಿಂದಲೇ ಖಾತೆ ಸೊನ್ನೆಗಿಂತ ಕೆಳಗೆ ಹೋಗುವಂತಿಲ್ಲ. ಗ್ರಾಹಕನಿಗೆ ಇಷ್ಟು ಸಮಾಧಾನ ಕೊಡಬಲ್ಲ ಮಾತುಗಳು ನಿಯಮದಲ್ಲೇ ಇವೆ. ಗೋಡೆಯ ಎರಡೂ ನೋಟೀಸಿನಲ್ಲಿ ಇವುಗಳಲ್ಲಿ ಒಂದೂ ಇರಲಿಲ್ಲ ಎಂಬುದೇ ನನ್ನ ದೊಡ್ಡ ತಕರಾರು.

ಒಬ್ಬ ಹೆಣ್ಣುಮಗಳ ಜೂನ್ ತಿಂಗಳ ಖಾತೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಆಕೆಯದು ಸಾಮಾನ್ಯ ಉಳಿತಾಯ ಖಾತೆ, ತಿಂಗಳ ಸರಾಸರಿ ಒಂದು ಸಾವಿರ ರೂಪಾಯಿ ಇರಬೇಕು ಎಂಬ ಒಪ್ಪಂದ. ತಿಂಗಳ ಮೊದಲ ದಿನ ಅದರಲ್ಲಿ 300 ರೂಪಾಯಿ ಇದೆ. 12ನೇ ತಾರೀಖು ಗೃಹಲಕ್ಷ್ಮಿಯ 2,000 ಬಿತ್ತು. 14ರಂದು ಬಸ್ಸು ಹಿಡಿದು ಬಂದು ಎರಡು ಸಾವಿರವನ್ನೂ ತೆಗೆದುಕೊಂಡಳು. ಬ್ಯಾಂಕು ಪ್ರತಿದಿನ ರಾತ್ರಿ ಖಾತೆಯಲ್ಲಿ ಉಳಿದ ಮೊತ್ತವನ್ನು ಕೂಡಿಸಿ ತಿಂಗಳ ದಿನಗಳಿಂದ ಭಾಗಿಸುತ್ತದೆ. 28 ದಿನ 300ರಂತೆ 8,400, ಎರಡು ದಿನ 2,300ರಂತೆ 4,600, ಒಟ್ಟು 13,000. ಮೂವತ್ತರಿಂದ ಭಾಗಿಸಿದರೆ ಸರಾಸರಿ 433 ರೂಪಾಯಿ ಚಿಲ್ಲರೆ. ಕಡಿಮೆ ಬಿದ್ದದ್ದು ಸುಮಾರು 567. ಆ ಕೊರತೆಯ ಮೇಲೆ ಬ್ಯಾಂಕಿನ ದರ ಶೇ. 5 ಎಂದಿಟ್ಟುಕೊಂಡರೆ 28 ರೂಪಾಯಿ 33 ಪೈಸೆ, ಅದರ ಮೇಲೆ ಶೇ. 18ರ ಜಿಎಸ್‌ಟಿ ಸೇರಿ 33 ರೂಪಾಯಿ 43 ಪೈಸೆ.

ಗೋಡೆಯ ಕಾಗದ ಹೇಳದ ಒಂದು ಮುಖ್ಯ ಸಂಗತಿ ಈ ಲೆಕ್ಕದಲ್ಲಿದೆ. ಆಕೆ ಅದೇ ಎರಡು ಸಾವಿರವನ್ನು 14ರ ಬದಲು 23ರಂದು ತೆಗೆದಿದ್ದರೆ, ಹನ್ನೊಂದು ರಾತ್ರಿ ಖಾತೆಯಲ್ಲಿ 2,300 ಇರುತ್ತಿತ್ತು. ಸರಾಸರಿ 1,033 ಆಗುತ್ತಿತ್ತು, ಶುಲ್ಕದ ಮಾತೇ ಬರುತ್ತಿರಲಿಲ್ಲ. ಇದಕ್ಕೆ ವಿರುದ್ಧವಾಗಿ, “ಕನಿಷ್ಠ ಒಂದು ಸಾವಿರ ಇರಿಸಿ” ಎಂಬ ಮಾತು ನಂಬಿ 29ರಂದು ಓಡಿಬಂದು 700 ರೂಪಾಯಿ ತುಂಬಿದ್ದರೆ ಖಾತೆಯಲ್ಲಿ ಸಾವಿರವೇನೋ ಕಾಣುತ್ತಿತ್ತು. ಸರಾಸರಿ ಏರುತ್ತಿದ್ದದ್ದು ಮಾತ್ರ ನಲವತ್ತೇಳು ರೂಪಾಯಿ. ತುಂಬಿದರೂ ಕಡಿತವಾಯಿತಲ್ಲ ಎಂದು ಜನ ಜಗಳಕ್ಕೆ ಬರುವುದು ಇಲ್ಲೇ. ಸರಾಸರಿ ಎಂಬ ಒಂದು ಪದವನ್ನು ನೋಟೀಸಿಗೆ ಹಾಕಿದರೂ ಸಾಲದು, ಉದಾಹರಣೆ ಬೇಕು. ಎಷ್ಟು ದಿನ ಬಿಟ್ಟರೆ ಉಳಿಯುತ್ತದೆ ಎಂದು ಹೇಳಿದರೆ ಓದು ಬರದವರೂ ಕೇಳಿ ಅರ್ಥಮಾಡಿಕೊಳ್ಳುತ್ತಾರೆ. ದಿನಗೂಲಿಯ ಲೆಕ್ಕ ಹಾಕುವವರಿಗೆ ದಿನದ ಲೆಕ್ಕ ಕಷ್ಟವಲ್ಲ.

ತೊಗರಿ ಬೆಳೆಯುವವರ ವಿಷಯದಲ್ಲಿ ಈ ಮಾಸಿಕ ಸರಾಸರಿಯೇ ಹೊಂದುವುದಿಲ್ಲ ಎಂಬ ಮಾತನ್ನೂ ಇಲ್ಲಿ ಹೇಳಬೇಕು. ಆಳಂದ, ಅಫಜಲಪುರ, ಜೇವರ್ಗಿಯ ಕಡೆ ಹಣ ಬರುವುದು ರಾಶಿಯಾದ ಮೇಲೆ. ಎರಡು ತಿಂಗಳು ಖಾತೆಯಲ್ಲಿ ಸರಾಸರಿ ನಲವತ್ತು ಸಾವಿರ, ಉಳಿದ ಹತ್ತು ತಿಂಗಳು ಮುನ್ನೂರು ಎಂದಿಟ್ಟುಕೊಂಡರೆ ವರ್ಷದ ಸರಾಸರಿ ಆರು ಸಾವಿರದ ಒಂಬೈನೂರು ದಾಟುತ್ತದೆ. ಬೇಕಾದದ್ದರ ಏಳುಪಟ್ಟು ಹತ್ತಿರ. ಆದರೂ ಹತ್ತು ತಿಂಗಳು ಆ ರೈತ ಬ್ಯಾಂಕಿನ ಕಣ್ಣಿಗೆ ಕೊರತೆಯ ಗ್ರಾಹಕ. ಇದು ನೋಟೀಸಿನ ಭಾಷೆ ತಿದ್ದಿದರೆ ಹೋಗುವ ದೋಷವಲ್ಲ, ಶುಲ್ಕದ್ದೇ ದೋಷ. ಸ್ಟೇಟ್ ಬ್ಯಾಂಕು 2017ರಲ್ಲಿ ಈ ಶುಲ್ಕವನ್ನು ಮತ್ತೆ ತಂದು, ಟೀಕೆ ಬಂದ ಮೇಲೆ ಇಳಿಸುತ್ತಾ ಹೋಗಿ, 2020ರ ಮಾರ್ಚ್‌ನಲ್ಲಿ ಉಳಿತಾಯ ಖಾತೆಗಳಿಗೆ ಕನಿಷ್ಠ ಮೊತ್ತದ ಷರತ್ತನ್ನೇ ತೆಗೆದುಹಾಕಿತು. ಕೆನರಾ ಬ್ಯಾಂಕು 2025ರ ಜೂನ್ 1ರಿಂದ ತೆಗೆಯಿತು, ಆಮೇಲೆ ಇನ್ನೂ ಕೆಲವು ಸರ್ಕಾರಿ ಬ್ಯಾಂಕುಗಳು ಅದೇ ದಾರಿ ಹಿಡಿದವು. ಹಾಗಾಗಿ ಇಂದು ಈ ನೋಟೀಸು ಬರುವುದು ಶುಲ್ಕ ಉಳಿಸಿಕೊಂಡಿರುವ ಬ್ಯಾಂಕುಗಳಿಂದ ಮಾತ್ರ. ನಿಮ್ಮದು ಯಾವ ಬ್ಯಾಂಕು ಎಂಬುದನ್ನೇ ಮೊದಲು ನೋಡಿಕೊಳ್ಳಬೇಕು. ಅಂಗಡಿಯವರು ಇಟ್ಟುಕೊಳ್ಳುವ ಚಾಲ್ತಿ ಖಾತೆಯ ನಿಯಮ ಬೇರೆ, ಉಳಿತಾಯ ಖಾತೆಗೆ ಸಿಕ್ಕ ವಿನಾಯಿತಿ ಅದಕ್ಕೂ ಸಿಕ್ಕಿತೆಂದು ತಿಳಿಯಬಾರದು.

ಹಿರೋಳ್ಳಿಯಂಥ ಗಡಿ ಊರಿಗೆ ಇನ್ನೊಂದು ತೊಡಕಿದೆ. ಸೊಲ್ಲಾಪುರ, ಪುಣೆ, ಮುಂಬೈ ಎಂದು ದುಡಿಯಲು ಹೋದ ಹುಡುಗರಿಗೆ ಅಲ್ಲಿ ಕಂಪನಿಯವರೇ ಪಗಾರದ ಖಾತೆ ಮಾಡಿಸಿಕೊಡುತ್ತಾರೆ. ಪಗಾರ ಬರುತ್ತಿರುವ ತನಕ ಅದಕ್ಕೆ ಕನಿಷ್ಠ ಮೊತ್ತವಿಲ್ಲ. ಕೆಲಸ ಬಿಟ್ಟು ಊರಿಗೆ ಬಂದ ಮೇಲೆ, ಕೆಲವು ತಿಂಗಳು ಪಗಾರ ಬೀಳದಿದ್ದರೆ ಬ್ಯಾಂಕು ಅದನ್ನು ಸಾಮಾನ್ಯ ಖಾತೆ ಮಾಡಿಬಿಡುತ್ತದೆ. ಖಾತೆ ಪುಣೆಯ ಶಾಖೆಯದಾದರೆ ಪುಣೆಯ ದರವೇ ಅನ್ವಯ, ಹಳ್ಳಿಯ ದರವಲ್ಲ. ಹುಡುಗನ ಮೊಬೈಲಿಗೆ ಬರುವ ಸಂದೇಶ ಇಂಗ್ಲಿಷಿನಲ್ಲಿರುತ್ತದೆ. ಒಂದು ಸಾಲು, ಖಾತೆಯ ಕೊನೆಯ ನಾಲ್ಕು ಅಂಕಿ, ಸಂಕ್ಷಿಪ್ತ ಅಕ್ಷರಗಳು. ಅವನಿಗೆ ನಿಜವಾಗಿ ಬೇಕಾದ ಮಾತು ಒಂದೇ: “ನಿಮ್ಮ ಪಗಾರದ ಖಾತೆ ಈಗ ಸಾಮಾನ್ಯ ಖಾತೆಯಾಗಿದೆ, ಬೇಡವಾದರೆ ಮುಚ್ಚಬಹುದು.” ಆ ಮಾತನ್ನು ಹೇಳುವ ಸಂದೇಶ ನಾನು ಓದಿದವುಗಳಲ್ಲಿ ಸಿಕ್ಕಿಲ್ಲ.

ಇಂಗ್ಲಿಷಿನಲ್ಲೇ ಏಕೆ ಕಳಿಸುತ್ತಾರೆ ಎಂಬುದಕ್ಕೆ ಉದಾಸೀನದ ಜೊತೆಗೆ ತಾಂತ್ರಿಕ ಕಾರಣವೂ ಇದೆ. ಇಂಗ್ಲಿಷ್ ಎಸ್ಸೆಮ್ಮೆಸ್ಸಿನ ಒಂದು ಕಂತಿನಲ್ಲಿ 160 ಅಕ್ಷರ ಹಿಡಿಯುತ್ತವೆ, ಕನ್ನಡದಲ್ಲಿ 70. ಒಂದಕ್ಕಿಂತ ಹೆಚ್ಚು ಕಂತಾದರೆ ಪ್ರತಿಯೊಂದಕ್ಕೂ 67 ಮಾತ್ರ. ಒತ್ತಕ್ಷರ, ಕಾಗುಣಿತದ ಚಿಹ್ನೆ ಎಲ್ಲವೂ ಬೇರೆಬೇರೆಯಾಗಿ ಎಣಿಕೆಗೆ ಬರುತ್ತವೆ. “ಖಾತೆಯಲ್ಲಿ” ಎಂಬುದು ಕಣ್ಣಿಗೆ ನಾಲ್ಕು ಅಕ್ಷರ, ಯಂತ್ರಕ್ಕೆ ಒಂಬತ್ತು. ಪ್ರತಿ ಕಂತಿಗೂ ಬ್ಯಾಂಕಿಗೆ ಖರ್ಚು. ಆದರೂ ಇದು ದಾಟಲಾಗದ ಅಡ್ಡಿಯಲ್ಲ. ಮೇಲಿನ ಹೆಣ್ಣುಮಗಳಿಗೆ ಜುಲೈ 5ರಂದು ಹೀಗೆ ಬರೆಯಬಹುದು:

“ಜೂನ್ ಸರಾಸರಿ ₹433, ಬೇಕಾದದ್ದು ₹1000. ಈಗ ಕಡಿತವಿಲ್ಲ. ಆಗಸ್ಟ್ 5ರೊಳಗೆ ₹1000 ಆಗದಿದ್ದರೆ ₹33 ಕಡಿತ. ಝೀರೊ ಬ್ಯಾಲೆನ್ಸ್ ಖಾತೆ ಬೇಕೆ? ಶಾಖೆಗೆ ಬನ್ನಿ.”

ಯಂತ್ರದ ಎಣಿಕೆಯಲ್ಲಿ ಇದು 129. ಎರಡೇ ಕಂತು. ಎಷ್ಟಿತ್ತು, ಎಷ್ಟಿರಬೇಕು, ಯಾವತ್ತಿನ ತನಕ ಸಮಯ, ಎಷ್ಟು ಹೋಗುತ್ತದೆ, ತಪ್ಪಿಸಿಕೊಳ್ಳುವ ದಾರಿ ಯಾವುದು ಎಲ್ಲವೂ ಇವೆ. “ಈಗ ಕಡಿತವಿಲ್ಲ” ಎಂಬ ಎರಡು ಪದಗಳನ್ನು ನಡುವೆ ಇಟ್ಟದ್ದು ಬೇಕೆಂದೇ. ಸಂದೇಶ ನೋಡಿದ ಕೂಡಲೇ ಹಣ ಹೋಯಿತೆಂದು ಎದೆ ಹೊಡೆದುಕೊಳ್ಳುವವರಿಗೆ ಅದೇ ಮೊದಲ ಉತ್ತರ.

ಗೋಡೆಗೆ ಅಂಟಿಸುವುದಕ್ಕೆ ಜಾಗದ ಕೊರತೆಯಿಲ್ಲ. ಅದಕ್ಕೆ ನಾನು ಬರೆಯುವುದಾದರೆ ಹೀಗೆ ಬರೆಯುತ್ತೇನೆ:

“ಇದು ಸಾಲದ ನೋಟೀಸು ಅಲ್ಲ. ಜನಧನ ಖಾತೆ, ಝೀರೊ ಬ್ಯಾಲೆನ್ಸ್ ಖಾತೆ ಇರುವವರಿಗೆ ಇದು ಸಂಬಂಧಿಸಿದ್ದಲ್ಲ. ಆ ಖಾತೆಗಳಲ್ಲಿ ಏನೂ ಇಲ್ಲದಿದ್ದರೂ ಶುಲ್ಕವಿಲ್ಲ.

ಸಾಮಾನ್ಯ ಉಳಿತಾಯ ಖಾತೆ ಇರುವವರು ತಿಂಗಳಿಗೆ ಸರಾಸರಿ 1,000 ರೂಪಾಯಿ ಇಡಬೇಕು. ಕಡಿಮೆಯಾದರೆ ಮೊದಲು ನಿಮಗೆ ತಿಳಿಸುತ್ತೇವೆ, ಒಂದು ತಿಂಗಳು ಸಮಯ ಕೊಡುತ್ತೇವೆ. ಆಮೇಲೂ ಕಡಿಮೆಯಿದ್ದರೆ, ಎಷ್ಟು ಕಡಿಮೆ ಇದೆಯೋ ಅದರಲ್ಲಿ ನೂರಕ್ಕೆ 5 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ ಕಡಿತವಾಗುತ್ತದೆ. ಖಾತೆಯಲ್ಲಿ ಏನೂ ಇಲ್ಲದಿದ್ದರೆ ನಿಮ್ಮ ಮೇಲೆ ಸಾಲವಾಗುವುದಿಲ್ಲ.

ಸಾವಿರ ಇಡುವುದು ಆಗದಿದ್ದರೆ ಖಾತೆಯನ್ನು ಝೀರೊ ಬ್ಯಾಲೆನ್ಸ್ ಖಾತೆ ಮಾಡಿಸಿಕೊಳ್ಳಿ. ಕೌಂಟರಿನಲ್ಲಿ ಅರ್ಜಿ ಕೊಡಿ. ತಿಂಗಳಿಗೆ ನಾಲ್ಕು ಸಲ ಉಚಿತವಾಗಿ ಹಣ ತೆಗೆಯಬಹುದು. ಇದೇ ಬ್ಯಾಂಕಿನಲ್ಲಿ ನಿಮಗೆ ಇನ್ನೊಂದು ಉಳಿತಾಯ ಖಾತೆ ಇರಬಾರದು.”

ಕೊನೆಯ ಭಾಗ ಬರೆಯಲು ಬ್ಯಾಂಕುಗಳು ಹಿಂಜರಿಯುತ್ತವೆ. ಬಾಗಿಲು ತೋರಿಸಿದರೆ ಎಲ್ಲರೂ ಅದರಲ್ಲೇ ಹೋಗುತ್ತಾರೆ ಎಂಬ ಭಯ ಅವರಿಗೆ. ಆದರೆ ಸಾವಿರ ಇಡಲು ಆಗದವರಿಂದ ತಿಂಗಳು ತಿಂಗಳು ಮೂವತ್ತಮೂರು ಕಡಿಯುವುದನ್ನು ಯಾವ ಭಾಷೆಯಲ್ಲಿ ಹೇಳಿದರೂ ಒಳ್ಳೆಯ ಮಾತಾಗುವುದಿಲ್ಲ. ಒಂದು ನೋಟೀಸು ಪ್ರಾಮಾಣಿಕವೋ ಅಲ್ಲವೋ ಎಂದು ನನ್ನನ್ನು ಕೇಳಿದರೆ ಮೊದಲು ಈ ದಾರಿ ಅದರಲ್ಲಿದೆಯೇ ಎಂದು ನೋಡುತ್ತೇನೆ, ಆಮೇಲೆ ಕನ್ನಡ ಹೇಗಿದೆ ಎಂದು.

ನಾನು ಬರೆದ ನೋಟೀಸಿನಲ್ಲೂ ಎರಡು ಪ್ರಶ್ನೆ ಉಳಿಯುತ್ತವೆ. ಅವಕ್ಕೆ ಉತ್ತರ ಬರೆಯಬೇಕಾದವರು ಶಾಖೆಯವರಲ್ಲ, ಮುಖ್ಯ ಕಚೇರಿಯವರು. ಒಂದು, ತಿಂಗಳೊಳಗೆ “ಸರಿಯಾಗಬೇಕು” ಎಂದರೆ ಖಾತೆಯಲ್ಲಿ ಒಂದು ದಿನ ಸಾವಿರ ಮುಟ್ಟಿದರೆ ಸಾಕೇ, ಅಥವಾ ಆ ಇಡೀ ತಿಂಗಳ ಸರಾಸರಿ ಸಾವಿರ ಆಗಬೇಕೇ? ಮೇಲೆ ಕಂಡ ಹಾಗೆ ಎರಡರ ನಡುವೆ ಬಹಳ ಅಂತರವಿದೆ. ಎರಡು, ಖಾತೆಯಲ್ಲಿ ಹಣವಿಲ್ಲದ ತಿಂಗಳ ಶುಲ್ಕವನ್ನು ಅಲ್ಲಿಗೇ ಬಿಡುತ್ತಾರೋ, ಅಥವಾ ಬರೆದಿಟ್ಟುಕೊಂಡು ಮುಂದೆ ಗೃಹಲಕ್ಷ್ಮಿಯೋ ಪಿಎಂ ಕಿಸಾನ್ ಹಣವೋ ಬಿದ್ದ ದಿನ ಅದರಲ್ಲಿ ಹಿಡಿಯುತ್ತಾರೋ? ಶಾಖೆಯ ಮುಂದೆ ಸಾಲು ನಿಂತ ಹೆಣ್ಣುಮಕ್ಕಳ ನಿಜವಾದ ಚಿಂತೆ ಈ ಎರಡನೆಯದೇ.

ಅಲ್ಲಿಯವರೆಗೆ, ತಿಳಿಸದೆ ಶುಲ್ಕ ಕಡಿದಿದ್ದಾರೆ ಎನಿಸಿದವರು ಪಾಸ್‌ಬುಕ್ ಎಂಟ್ರಿ ಮಾಡಿಸಿಕೊಂಡು, ಕಡಿತದ ದಿನಕ್ಕಿಂತ ಒಂದು ತಿಂಗಳು ಮೊದಲು ತಮಗೆ ಯಾವ ದಿನ, ಯಾವ ನಂಬರಿಗೆ ಸಂದೇಶ ಕಳಿಸಿದ್ದೀರಿ ಎಂದು ಶಾಖೆಗೆ ಬರವಣಿಗೆಯಲ್ಲಿ ಕೇಳಬೇಕು. ಹಳೆಯ ಸಿಮ್ ನಂಬರೇ ಖಾತೆಗೆ ಉಳಿದಿದ್ದರೆ ಅಲ್ಲೇ ತಿಳಿಯುತ್ತದೆ, ಕೂಡಲೇ ಬದಲಿಸಿಕೊಳ್ಳಬೇಕು. ಅರ್ಜಿ ಕೊಟ್ಟದ್ದಕ್ಕೆ ಸೀಲು ಹಾಕಿದ ಪ್ರತಿ ಇಟ್ಟುಕೊಳ್ಳಬೇಕು. ಮೂವತ್ತು ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. 14448ಕ್ಕೆ ಫೋನು ಮಾಡಿದರೆ ಅದರ ಕ್ರಮ ಹೇಳುತ್ತಾರೆ. ಈ ನಂಬರನ್ನೂ ಗೋಡೆಯ ನೋಟೀಸಿನ ಕೆಳಗೆ ದಪ್ಪ ಅಕ್ಷರದಲ್ಲಿ ಬರೆಯಬೇಕು.